ಮುಖಪುಟ ಜರುಗಿದ ಪುಸ್ತಕಗಳು ಬಂದಿವೆ, ಪ್ರೆಸ್ಸಿಗೆ ಏನಂತ ಬರೆಯೋದು?

ನನ್ನ ಮೊದಲ ದೂರು ಪತ್ರ ನಾಲ್ಕೇ ಸಾಲು. "ನಿಮ್ಮ ಕೆಲಸ ತೀರಾ ಕಳಪೆ. ಎಲ್ಲಾ ಪುಸ್ತಕಗಳ ಮುಖಪುಟ ಸೊಟ್ಟಗಿದೆ. ಇದನ್ನು ಮಾರೋದು ಹೇಗೆ? ಕೂಡಲೇ ಬೇರೆ ಮಾಡಿಕೊಡಿ." ಪ್ರೆಸ್ಸಿನವರು ಏನು ಮಾಡಿದರು ಗೊತ್ತಾ? ಅವರ ಹತ್ತಿರ ಉಳಿದಿದ್ದ ಒಂದು ಪ್ರತಿಯ ಫೋಟೋ ತೆಗೆದು ಕಳಿಸಿದರು. ಅದು ಅಚ್ಚುಕಟ್ಟಾಗಿತ್ತು. ಕೆಳಗೆ ಒಂದೇ ಸಾಲು, "ಚೆನ್ನಾಗಿಯೇ ಬಂದಿದೆಯಲ್ಲ ಸರ್." ಅಲ್ಲಿಗೆ ನನ್ನ ವಾದ ಮುಗಿಯಿತು. "ಎಲ್ಲಾ" ಅಂತ ಬರೆದಿದ್ದೆ ನೋಡಿ, ಆ ಒಂದು ಪದವೇ ನನಗೆ ಮುಳುವಾಯಿತು.

ಮುಂದಿನ ಸಲ ಇದೇ ತೊಂದರೆ ಬಂದಾಗ ಬೇರೆ ಥರ ಬರೆದೆ. ಆ ಪತ್ರವನ್ನು ಕೆಳಗೆ ಪೂರ್ತಿ ಕೊಟ್ಟಿದ್ದೇನೆ. ಆದರೆ ಪತ್ರ ಬರೆಯೋಕೆ ಹಿಡಿದದ್ದು ಅರ್ಧ ಗಂಟೆ, ಅದಕ್ಕೆ ಮುಂಚಿನ ಕೆಲಸಕ್ಕೆ ಒಂದೂವರೆ ದಿನ. ಅದಕ್ಕೇ ಮೊದಲು ಆ ಕೆಲಸದಿಂದ ಶುರು ಮಾಡುತ್ತೇನೆ.

## ಕೈಗೆ ಬಂದ ಪುಸ್ತಕ ಮತ್ತು ಸಹಿ

ಪುಸ್ತಕ 1000 ಪ್ರತಿ. 192 ಪುಟ, ಪರ್ಫೆಕ್ಟ್ ಬೈಂಡಿಂಗ್, ಅಂದರೆ ಬೆನ್ನಿಗೆ ಬಿಸಿ ಅಂಟು ಹಾಕಿ ಮುಖಪುಟ ಅಂಟಿಸುವ ಮಾಮೂಲಿ ಬೈಂಡಿಂಗ್. ಮುಂದೆ ಹಿಂದೆ ತಿಳಿ ಕೆನೆ ಬಣ್ಣ, ಬೆನ್ನು ಮಾತ್ರ ಕಡು ನೀಲಿ. ಬೆನ್ನಿನ ಅಗಲ 11 ಮಿ.ಮೀ. 25ರ ಕಟ್ಟುಗಳು, ಒಟ್ಟು 40 ಬಂಡಲ್.

ಗಾಡಿಯವರು ಚಲನ್‌ಗೆ ಸಹಿ ಕೇಳುತ್ತಾರೆ, ಅವರಿಗೆ ಅವಸರ. ಅಷ್ಟು ಹೊತ್ತಿನಲ್ಲಿ 40 ಬಂಡಲ್ ಬಿಚ್ಚಿ ನೋಡೋಕೆ ಆಗಲ್ಲ. ಸಹಿ ಮಾಡಿ, ಆದರೆ ಪಕ್ಕದಲ್ಲಿ "40 ಬಂಡಲ್ ಎಣಿಸಿ ಪಡೆದಿದ್ದೇನೆ, ಒಳಗಿನದ್ದು ಇನ್ನೂ ನೋಡಿಲ್ಲ" ಅಂತ ಕೈಯಲ್ಲೇ ಬರೆದು ಒಂದು ಫೋಟೋ ತೆಗೆದಿಟ್ಟುಕೊಳ್ಳಿ. "ಸರಿಯಾಗಿ ತಲುಪಿದೆ" ಅಂತ ಅಚ್ಚಾದ ಸಾಲಿನ ಕೆಳಗೆ ಸುಮ್ನೆ ಸಹಿ ಹಾಕಿದರೆ ಆಮೇಲೆ ಅದನ್ನೇ ತೋರಿಸುತ್ತಾರೆ.

ಅದೇ ದಿನ ಕೊಟೇಶನ್ ತೆಗೆದು ಹಿಂಬದಿ ಓದಿ. ದೂರು ಇದ್ದರೆ ಎಷ್ಟು ದಿನದೊಳಗೆ ಹೇಳಬೇಕು, ಎಷ್ಟು ಮಿ.ಮೀ. ವ್ಯತ್ಯಾಸ ಇದ್ದರೆ ಒಪ್ಪಿಕೊಳ್ಳಬೇಕು, ಇವೆರಡು ಅಲ್ಲಿ ಇರೋ ಸಾಧ್ಯತೆ ಜಾಸ್ತಿ. ನನ್ನದರಲ್ಲಿ 7 ದಿನ ಮತ್ತು 2 ಮಿ.ಮೀ. ಅಂತ ಇತ್ತು. ಏನೂ ಬರೆದಿಲ್ಲದಿದ್ದರೆ, ಈ ಥರದ ಕೆಲಸದಲ್ಲಿ ಒಂದೂವರೆ ಮಿ.ಮೀ. ಆಚೆ ಈಚೆ ಆಗೋದನ್ನು ಸಾಮಾನ್ಯವಾಗಿ ಯಾರೂ ತಪ್ಪು ಅನ್ನಲ್ಲ. ಕೆಲವರು 3ರ ತನಕ ಬಿಡಿ ಅನ್ನುತ್ತಾರೆ. ಯಂತ್ರ ಅಂದಮೇಲೆ ಅಷ್ಟು ಅಲುಗಾಟ ಇದ್ದೇ ಇರುತ್ತದೆ. ನಿಮ್ಮ ಪುಸ್ತಕದಲ್ಲಿ ವ್ಯತ್ಯಾಸ 1 ಮಿ.ಮೀ. ಮಾತ್ರ ಇದ್ದು ಅದೂ ನಿಮಗೆ ಕಣ್ಣಿಗೆ ಚುಚ್ಚುತ್ತಿದ್ದರೆ, ದೂರು ಬರೆಯೋಕೆ ಹೋಗಬೇಡಿ, ಗೆಲ್ಲಲ್ಲ. ಬೆನ್ನಿಗೊಂದು ಬಣ್ಣ, ಮುಂಬದಿಗೆ ಇನ್ನೊಂದು ಬಣ್ಣ ಕೊಟ್ಟು ಮಡಿಕೆಯ ಮೇಲೇ ಸರಿಯಾಗಿ ಗೆರೆ ಎಳೆದ ಡಿಸೈನ್ ಆ 1 ಮಿ.ಮೀ.ಯನ್ನೂ ಎತ್ತಿ ತೋರಿಸುತ್ತದೆ. ಅದು ಡಿಸೈನ್ ಮಾಡಿಸಿದ ನಮ್ಮ ತಪ್ಪು. ನನ್ನದೂ ಅದೇ ಡಿಸೈನ್, ಒಪ್ಪಿಕೊಳ್ಳುತ್ತೇನೆ.

## ಏನು ಕೆಟ್ಟಿದೆ ಅಂತ ಮೊದಲು ಗುರುತಿಸಿ

"ಮುಖಪುಟ ಸರಿಯಾಗಿ ಕೂತಿಲ್ಲ" ಅನ್ನೋದರೊಳಗೆ ಕನಿಷ್ಠ ಮೂರು ಬೇರೆ ಬೇರೆ ತಪ್ಪುಗಳಿವೆ. ಅದರಲ್ಲಿ ಒಂದು ನಿಮ್ಮದೇ ಆಗಿರಬಹುದು. ಹಾಗಾಗಿ ಪ್ರೆಸ್ಸಿಗೆ ಫೋನ್ ಮಾಡೋ ಮುಂಚೆ ಒಂದು ಸ್ಟೀಲ್ ಸ್ಕೇಲ್ ತಗೊಂಡು ಕೂತುಕೊಳ್ಳಿ. ಪ್ಲಾಸ್ಟಿಕ್ ಸ್ಕೇಲ್ ಬೇಡ, ಅದರಲ್ಲಿ ಹೆಚ್ಚಾಗಿ ಸೊನ್ನೆ ಅಂಚಿನಿಂದಲೇ ಶುರುವಾಗಿರೋದಿಲ್ಲ.

ಒಂದು ಪುಸ್ತಕವನ್ನು ಮುಂಬದಿ ಮೇಲೆ ಬರುವ ಹಾಗೆ ಮೇಜಿನ ಮೇಲಿಡಿ. ಬೆನ್ನಿನ ಮಡಿಕೆಯಿಂದ ಬಣ್ಣ ಬದಲಾಗುವ ಗೆರೆಗೆ ಎಷ್ಟು ದೂರ ಇದೆ ಅಂತ ಅಳೆಯಿರಿ. ತಲೆಯ ಹತ್ತಿರ ಒಂದು ಸಲ, ಬುಡದ ಹತ್ತಿರ ಒಂದು ಸಲ. ಆಮೇಲೆ ತಿರುಗಿಸಿ ಹಿಂಬದಿಯಲ್ಲೂ ಹಾಗೇ. ಒಂದು ಪುಸ್ತಕಕ್ಕೆ ನಾಲ್ಕು ಅಳತೆ, ಅಷ್ಟೇ.

ಮುಂದೆಯೂ ನೀಲಿ 1 ಮಿ.ಮೀ. ಹೊರಗೆ ಬಂದಿದೆ, ಹಿಂದೆಯೂ 1 ಮಿ.ಮೀ. ಬಂದಿದೆ, ಯಾವ ಪುಸ್ತಕ ತೆಗೆದರೂ ಹಾಗೇ ಇದೆ ಅಂದರೆ, ಬೈಂಡಿಂಗ್ ಮಾಡಿದವರ ತಪ್ಪು ಅಲ್ಲ. ಬೆನ್ನಿನ ಅಗಲವನ್ನೇ ತಪ್ಪು ಲೆಕ್ಕ ಹಾಕಿದ್ದಾರೆ. 11 ಇರಬೇಕಾದ ಕಡೆ ಫೈಲ್‌ನಲ್ಲಿ 13 ಇಟ್ಟಿದ್ದಾರೆ. ಈ ಲೆಕ್ಕ ಸುಲಭ. 192 ಪುಟ ಅಂದರೆ 96 ಹಾಳೆ, ಒಂದು ಹಾಳೆಯ ದಪ್ಪ 0.11 ಮಿ.ಮೀ. ಇದ್ದರೆ 10.56, ಜೊತೆಗೆ ಮುಖಪುಟದ ದಪ್ಪ ಮತ್ತು ಅಂಟು ಸೇರಿ ಸುಮಾರು 11. ಈ ಲೆಕ್ಕ ಹಾಕಿದ್ದು ನಿಮ್ಮ ಡಿಸೈನರ್ ಆದರೆ ತಪ್ಪು ನಿಮ್ಮದು. ಒಂದು ಕಾಗದ ಹೇಳಿ, ನಿಮಗೆ ತಿಳಿಸದೆ ಪ್ರೆಸ್ಸಿನವರು ಬೇರೆ ಕಾಗದ ಹಾಕಿದ್ದರಿಂದ ದಪ್ಪ ಬದಲಾಗಿದ್ದರೆ ತಪ್ಪು ಅವರದು. ಆಗ ದೂರು ಕಾಗದದ ಬಗ್ಗೆ ಇರಬೇಕು, ಮುಖಪುಟದ ಬಗ್ಗೆ ಅಲ್ಲ.

ಎರಡನೆಯದು ಸೊಟ್ಟ ಆಗಿರೋದು. ತಲೆಯಲ್ಲಿ 1, ಬುಡದಲ್ಲಿ 3 ಬಂದರೆ ಗೆರೆ ವಾಲಿದೆ ಅಂತ ಅರ್ಥ. ಆಗ ಪುಸ್ತಕ ತೆರೆದು ಒಳಪುಟಗಳ ಮೊದಲ ಸಾಲನ್ನೂ ಮೇಲಿನ ಅಂಚಿನಿಂದ ಎರಡೂ ತುದಿಗಳಲ್ಲಿ ಅಳೆಯಿರಿ. ಒಳಗಿನ ಸಾಲೂ ವಾಲಿದ್ದರೆ ಕೊನೆಯ ಕಟಿಂಗ್‌ನಲ್ಲೂ ಪುಸ್ತಕ ಓರೆಯಾಗಿ ಕೂತಿದೆ, ಅದು ಬೇರೆಯೇ ತಪ್ಪು. ಒಳಗೆ ನೆಟ್ಟಗಿದ್ದು ಮುಖಪುಟ ಮಾತ್ರ ವಾಲಿದ್ದರೆ ಅಂಟಿಸುವಾಗಲೇ ಓರೆಯಾಗಿದೆ.

ಮೂರನೆಯದು ನನಗೆ ಬಂದಿದ್ದು, ಇಡೀ ಮುಖಪುಟ ಒಂದೇ ಕಡೆಗೆ ಜರುಗಿರೋದು. ಮುಂಬದಿಯಲ್ಲಿ 3.5 ಮಿ.ಮೀ. ಅಗಲದ ನೀಲಿ ಪಟ್ಟಿ, ತಲೆಯಲ್ಲೂ ಅಷ್ಟೇ ಬುಡದಲ್ಲೂ ಅಷ್ಟೇ. ತಿರುಗಿಸಿದರೆ ಹಿಂಬದಿಯ ಕೆನೆ ಬಣ್ಣ ಅಷ್ಟೇ ಅಗಲ ಬೆನ್ನಿನ ಮೇಲೆ ಹತ್ತಿ ಕೂತಿತ್ತು. ಇದಕ್ಕೆ ಇನ್ನೊಂದು ಗುರುತು ಇದೆ, ಬೇಗ ಕಣ್ಣಿಗೆ ಬೀಳಲ್ಲ. ಹಿಂಬದಿಯ ಹೊರ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಫೈಲ್‌ನಲ್ಲಿ ಕಟಿಂಗ್ ಗೆರೆಯಿಂದಾಚೆ 3 ಮಿ.ಮೀ. ಬಣ್ಣ ಹೆಚ್ಚಿಗೆ ಬಿಟ್ಟಿರುತ್ತೇವಲ್ಲ, ಬ್ಲೀಡ್ ಅಂತ. ಮುಖಪುಟ ಅದಕ್ಕಿಂತ ಜಾಸ್ತಿ ಜರುಗಿದರೆ ಆ ಬಣ್ಣವೂ ಸಾಲದೆ ಕೂದಲೆಳೆಯಷ್ಟು ಬಿಳಿ ಗೆರೆ ಉಳಿಯುತ್ತದೆ. ನನ್ನ ಪುಸ್ತಕಗಳಲ್ಲಿ ಆ ಗೆರೆ ಇತ್ತು. ಕೆನೆ ಬಣ್ಣದ ಪಕ್ಕ ಬಿಳಿ ಆದ್ದರಿಂದ ಮೊದಲ ದಿನ ನನಗೆ ಕಂಡೇ ಇರಲಿಲ್ಲ.

ಇದು ಹೇಗೆ ಆಗುತ್ತದೆ ಅಂದರೆ, ಬೈಂಡಿಂಗ್ ಮೆಶಿನ್‌ನಲ್ಲಿ ಮುಖಪುಟದ ಹಾಳೆ ಒಂದು ತಡೆಗೆ ತಾಗಿ ನಿಲ್ಲುತ್ತದೆ, ಗೇಜ್ ಅನ್ನೋದು ಅದನ್ನೇ. ಅಂಟು ಹಚ್ಚಿಕೊಂಡ ಒಳಹಾಳೆಗಳ ಕಟ್ಟು ಬಂದು ಅದರ ಮೇಲೆ ಕೂರುತ್ತದೆ. ಆ ತಡೆ ಸಡಿಲವಾಗಿ ಸರಿದರೆ ಅಲ್ಲಿಂದ ಮುಂದೆ ಬರುವ ಪುಸ್ತಕಗಳೆಲ್ಲ ಒಂದೇ ದಿಕ್ಕಿಗೆ, ಹೆಚ್ಚು ಕಡಿಮೆ ಒಂದೇ ಅಳತೆಯಲ್ಲಿ ಜರುಗುತ್ತವೆ. ಯಾರಾದರೂ ನೋಡಿ ಸರಿಮಾಡುವ ತನಕ. ಅದರ ಬದಲು ಒಂದು ಪುಸ್ತಕ ಆ ಕಡೆ, ಒಂದು ಈ ಕಡೆ ಜರುಗಿದ್ದರೆ ಹಾಳೆಗಳು ತಡೆಗೆ ಸರಿಯಾಗಿ ತಾಗದೆ ಜಾರಿವೆ ಅಂತ. ಲ್ಯಾಮಿನೇಶನ್ ಆದ ಹಾಳೆ ಸುರುಳಿ ಹಿಡಿದಿದ್ದರೆ ಹೀಗಾಗುತ್ತದೆ.

ನೀವು ಪತ್ರದಲ್ಲಿ ಈ ಕಾರಣವನ್ನೆಲ್ಲ ಬರೆಯಬೇಕಿಲ್ಲ, ಬರೆಯಬೇಡಿ ಕೂಡ. ಅವರ ಮೆಶಿನ್ ಬಗ್ಗೆ ಅವರಿಗೇ ಪಾಠ ಹೇಳಿದರೆ ಮಾತು ಅಲ್ಲಿಗೇ ಹೋಗುತ್ತದೆ. ಆದರೆ ನಿಮಗೆ ಗೊತ್ತಿರಬೇಕು, ಯಾಕೆಂದರೆ ಏನನ್ನು ಎಣಿಸಬೇಕು ಅನ್ನೋದು ಇದರಿಂದಲೇ ತಿಳಿಯೋದು.

## ಎಣಿಕೆ

ಇಲ್ಲಿ ಸ್ವಲ್ಪ ಬೆವರು ಹರಿಸಬೇಕು. ಬಂಡಲ್‌ಗಳಿಗೆ ಬಿಚ್ಚುವ ಮುಂಚೆಯೇ ಮಾರ್ಕರ್‌ನಲ್ಲಿ 1ರಿಂದ 40ರ ತನಕ ನಂಬರ್ ಹಾಕಿ, ಬಂದು ಪೇರಿಸಿದ ಕ್ರಮದಲ್ಲೇ. ಆಮೇಲೆ ಪ್ರತಿ ಬಂಡಲ್‌ನಿಂದ ಮೇಲಿನದೊಂದು ಕೆಳಗಿನದೊಂದು, ಎರಡೇ ಪುಸ್ತಕ ತೆಗೆದು ಅಳೆಯಿರಿ. 80 ಪುಸ್ತಕ ಆಯಿತು. ಪುಸ್ತಕಗಳು ಮೆಶಿನ್‌ನಿಂದ ಬಂದ ಸಾಲಿನಲ್ಲೇ ಕಟ್ಟಾಗಿದ್ದರೆ ತಪ್ಪುಗಳೂ ಒಂದೇ ಕಡೆ ಗುಂಪಾಗಿ ಸಿಗುತ್ತವೆ. ನನಗೆ 1ರಿಂದ 22ರ ತನಕ ಸರಿ ಇತ್ತು. 23ರಿಂದ 36 ಕೆಟ್ಟಿತ್ತು. 37ರಿಂದ ಮತ್ತೆ ಸರಿ. ನೋಡಿದ ಕೂಡಲೇ ಗೊತ್ತಾಯಿತು, ನಡುವೆ ಏನೋ ಸಡಿಲವಾಗಿದೆ, ಆಮೇಲೆ ಯಾರೋ ಬಿಗಿ ಮಾಡಿದ್ದಾರೆ.

ಹಾಗಂತ 23ರಿಂದ 36ರ 350 ಪ್ರತಿಯೂ ಕೆಟ್ಟಿದೆ ಅಂತ ಬರೆದುಬಿಡಬೇಡಿ. ಆ ಭಾಗವನ್ನು ಪೂರ್ತಿ ನೋಡಲೇಬೇಕು. ಒಂದೊಂದನ್ನೂ ಅಳೆಯೋದು ಕಷ್ಟ, ಅದಕ್ಕೆ ಒಂದು ಉಪಾಯ ಇದೆ. 25 ಪುಸ್ತಕಗಳನ್ನು ಮುಂಬದಿ ಮೇಲೆ, ಬೆನ್ನು ನಿಮ್ಮ ಕಡೆ ಬರುವ ಹಾಗೆ ಒಂದರ ಮೇಲೊಂದು ಪೇರಿಸಿ, ಬೆನ್ನುಗಳನ್ನು ಗೋಡೆಯಷ್ಟು ನೆಟ್ಟಗೆ ತಟ್ಟಿ. ಸರಿ ಇರುವ ಬೆನ್ನು ಪೂರ್ತಿ ನೀಲಿ. ಜರುಗಿದ ಬೆನ್ನಿನ ಕೆಳಗೆ ಒಂದು ಕೆನೆ ಪಟ್ಟಿ. ಪೇರಿಸಿದ ಕಟ್ಟು ಹುಲಿಯ ಮೈ ಥರ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಪಟ್ಟೆ ಇದ್ದಿದ್ದನ್ನು ಮಾತ್ರ ಎಳೆದು ಅಳೆಯಿರಿ. ಒಂದು ಬಂಡಲ್‌ಗೆ ಹತ್ತು ನಿಮಿಷ ಸಾಕು. ಸರಿ ಕಂಡ ಬಂಡಲ್‌ಗಳನ್ನೂ ಹೀಗೇ ಒಂದು ಸಲ ಪೇರಿಸಿ ನೋಡಿಬಿಡಿ, ಒಂದೊಂದು ಅಲ್ಲೂ ಸೇರಿಕೊಂಡಿರುತ್ತವೆ. ನನಗೆ ಅಲ್ಲಿ 6 ಸಿಕ್ಕಿದವು.

ಈಗ ವಿಂಗಡಣೆ. ಎಷ್ಟು ಜರುಗಿದರೆ ಯಾವ ರಾಶಿಗೆ ಅಂತ ಮನಸ್ಸಿಗೆ ಬಂದ ಹಾಗೆ ಇಟ್ಟುಕೊಂಡರೆ ಪ್ರೆಸ್ಸಿನವರು ಕೇಳಲ್ಲ. ಅದಕ್ಕೊಂದು ಕಾರಣ ಬೇಕು. ನನ್ನ ಬೆನ್ನು 11 ಮಿ.ಮೀ., ಅದರ ಮೇಲಿನ ಅಕ್ಷರದ ಎತ್ತರ 5 ಮಿ.ಮೀ., ಹಾಗಾಗಿ ಎರಡೂ ಪಕ್ಕದಲ್ಲಿ 3 ಮಿ.ಮೀ. ಜಾಗ. ಮುಖಪುಟ 3 ಮಿ.ಮೀ. ಜರುಗಿದರೆ ಅಕ್ಷರ ಮಡಿಕೆಗೆ ಮುಟ್ಟುತ್ತದೆ, ಅದಕ್ಕಿಂತ ಜಾಸ್ತಿ ಆದರೆ ಮಡಿಕೆ ದಾಟಿ ಮುಂಬದಿಗೆ ಇಳಿಯುತ್ತದೆ. ಅಕ್ಷರದ ಹೆಚ್ಚಿನ ಭಾಗ ಬೆನ್ನಿನ ಮೇಲೆ, ಒಂದು ಅಂಚು ಮುಂಬದಿಯಲ್ಲಿ! ಅದನ್ನು ಯಾರೂ ಅಂಗಡಿಯಲ್ಲಿ ಇಟ್ಟುಕೊಳ್ಳಲ್ಲ. ಆದ್ದರಿಂದ 2 ಮಿ.ಮೀ. ತನಕ ಸರಿ, ಅದು ಅವರ ಕೊಟೇಶನ್‌ನಲ್ಲೇ ಇರುವ ಅಳತೆ. 2ರಿಂದ 3 ಇದ್ದರೆ ಕಡಿಮೆ ದರಕ್ಕೆ ಮಾರಬಹುದು. 3 ದಾಟಿದರೆ ಮಾರಾಟಕ್ಕೆ ಬರಲ್ಲ. ಲೆಕ್ಕ ಹೀಗೆ ಬಂತು: 682 ಸರಿ, 104 ನಡುವಿನವು, 214 ಮಾರಾಟಕ್ಕೆ ಬರದವು.

ಫೋಟೋ ಐದಾರು ಸಾಕು. ಪೇರಿಸಿದ ಪಟ್ಟೆ ಪಟ್ಟೆ ಕಟ್ಟಿನದೊಂದು, ಪಕ್ಕದಲ್ಲೇ ಸರಿ ಇರುವ ಬಂಡಲ್‌ನ ಕಟ್ಟು. ಸ್ಕೇಲ್ ಇಟ್ಟು ನೇರ ಮೇಲಿನಿಂದ ತೆಗೆದ ಎರಡು. ಓರೆಯಾಗಿ ತೆಗೆದರೆ ಅಳತೆ ತಪ್ಪಾಗಿ ಕಾಣುತ್ತದೆ, ಅವರು ಅದನ್ನು ಮೊದಲು ಹಿಡಿಯುತ್ತಾರೆ. ಬಂಡಲ್ ನಂಬರ್ ಬರೆದ ಚೀಟಿಯೂ ಚಿತ್ರದಲ್ಲಿ ಇರಲಿ.

ಇನ್ನೊಂದು ಕೆಲಸ, ತುಂಬ ಜನ ಮರೆಯೋದು. ಪ್ರೆಸ್ಸಿಗೆ ಕಳಿಸಿದ ಮುಖಪುಟದ ಫೈಲ್ ತೆರೆದು ಬೆನ್ನಿನ ಅಗಲ ಎಷ್ಟಿದೆ ಅಂತ ನೋಡಿ. ನಿಮ್ಮ ಮನೆಯ ತಪ್ಪು ಅಲ್ಲ ಅಂತ ಖಾತ್ರಿ ಆದಮೇಲೇ ಪೆನ್ನು ಹಿಡಿಯಿರಿ.

## ಪತ್ರ

ನಾನು ಕಳಿಸಿದ್ದು ಇದು. ಹೆಸರು, ತಾರೀಕು ತೆಗೆದಿದ್ದೇನೆ.

> ವಿಷಯ: 1000 ಪ್ರತಿಗಳ ಪೈಕಿ 318ರಲ್ಲಿ ಮುಖಪುಟ ಜರುಗಿರುವ ಬಗ್ಗೆ
>
> ಮಾನ್ಯರೇ,
>
> ಸೋಮವಾರ ನಿಮ್ಮಲ್ಲಿಂದ ಬಂದ 1000 ಪ್ರತಿಗಳನ್ನು (40 ಬಂಡಲ್) ಮಂಗಳವಾರ ಮತ್ತು ಬುಧವಾರ ಪೂರ್ತಿ ನೋಡಿದೆವು. 682 ಪ್ರತಿಗಳು ಚೆನ್ನಾಗಿ ಬಂದಿವೆ. ಮುದ್ರಣ, ಬಣ್ಣ, ಒಳಪುಟಗಳ ಬಗ್ಗೆ ನಮ್ಮ ತಕರಾರು ಏನೂ ಇಲ್ಲ.
>
> 318 ಪ್ರತಿಗಳಲ್ಲಿ ಮುಖಪುಟ ಮುಂಬದಿಯ ಕಡೆಗೆ ಜರುಗಿದೆ. ಬೆನ್ನಿನ ನೀಲಿ ಬಣ್ಣ ಮುಂಬದಿಗೆ ಬಂದಿದೆ, ಹಿಂಬದಿಯ ಕೆನೆ ಬಣ್ಣ ಬೆನ್ನಿನ ಮೇಲೆ ಬಂದಿದೆ. ತಲೆಯಲ್ಲೂ ಬುಡದಲ್ಲೂ ಅಳತೆ ಒಂದೇ ಇದೆ. ಇವುಗಳಲ್ಲಿ 104 ಪ್ರತಿಗಳು 2ರಿಂದ 3 ಮಿ.ಮೀ. ಜರುಗಿವೆ. 214 ಪ್ರತಿಗಳು 3 ಮಿ.ಮೀ.ಗಿಂತ ಹೆಚ್ಚು ಜರುಗಿದ್ದು, ಬೆನ್ನಿನ ಮೇಲಿನ ಹೆಸರು ಮಡಿಕೆ ದಾಟಿದೆ. ನಿಮ್ಮ ಕೊಟೇಶನ್‌ನಲ್ಲಿ ಒಪ್ಪಿದ ವ್ಯತ್ಯಾಸ 2 ಮಿ.ಮೀ.
>
> 318ರಲ್ಲಿ 312 ಪ್ರತಿಗಳು ನಾವು 23ರಿಂದ 36 ಎಂದು ಗುರುತು ಹಾಕಿದ ಬಂಡಲ್‌ಗಳಲ್ಲೇ ಸಿಕ್ಕಿವೆ. ಉಳಿದ ಬಂಡಲ್‌ಗಳಲ್ಲಿ ಸಿಕ್ಕಿದ್ದು 6 ಮಾತ್ರ. ಎಲ್ಲಾ ಪ್ರತಿಗಳಿಗೂ ಒಂದೇ ಫೈಲ್ ಬಳಕೆಯಾಗಿದೆ. ಫೈಲ್‌ನಲ್ಲಿ ಬೆನ್ನಿನ ಅಗಲ 11 ಮಿ.ಮೀ. ಇದೆ, ಪುಸ್ತಕದ ದಪ್ಪವೂ ಅಷ್ಟೇ ಇದೆ.
>
> ನಮ್ಮ ಕೋರಿಕೆ: 214 ಪ್ರತಿಗಳನ್ನು ಹೊಸದಾಗಿ ಮಾಡಿಕೊಡಬೇಕು. 104 ಪ್ರತಿಗಳನ್ನು ನಾವೇ ಇಟ್ಟುಕೊಳ್ಳುತ್ತೇವೆ, ಅವುಗಳ ದರದಲ್ಲಿ ಅರ್ಧ ಬಿಲ್ಲಿನಿಂದ ಕಡಿಮೆ ಮಾಡಬೇಕು. 682 ಪ್ರತಿಗಳ ಹಣವನ್ನು ಈ ವಾರವೇ ಕಳಿಸುತ್ತೇವೆ. ಉಳಿದದ್ದನ್ನು ಇದು ತೀರ್ಮಾನ ಆದಮೇಲೆ ಕೊಡುತ್ತೇವೆ.
>
> ಜರುಗಿದ ಪ್ರತಿಗಳನ್ನು ಬೇರೆಯಾಗಿ ಎತ್ತಿಟ್ಟಿದ್ದೇವೆ, ಒಂದನ್ನೂ ಮಾರಿಲ್ಲ. ನಿಮ್ಮವರು ಬಂದು ನೋಡಬಹುದು, ಬೇಕಾದರೆ ನಾವೇ ಕೆಲವು ಪ್ರತಿ ಕಳಿಸಿಕೊಡುತ್ತೇವೆ. ಫೋಟೋಗಳು ಮತ್ತು ಬಂಡಲ್‌ವಾರು ಎಣಿಕೆ ಜೊತೆಗಿವೆ. ಬರುವ ಸೋಮವಾರದೊಳಗೆ ನಿಮ್ಮ ಉತ್ತರ ತಿಳಿಸಿ.
>
> ಇಂತಿ,

ನೋಡಿದಿರಲ್ಲ, ಇಡೀ ಪತ್ರದಲ್ಲಿ "ಕಳಪೆ", "ಬೇಜವಾಬ್ದಾರಿ" ಅನ್ನೋ ಥರದ ಮಾತು ಒಂದೂ ಇಲ್ಲ. ಒಳ್ಳೆಯವನು ಅನ್ನಿಸಿಕೊಳ್ಳೋಕೆ ಹಾಗೆ ಬರೆದಿದ್ದಲ್ಲ. ಬೈದರೆ ಉತ್ತರ ಬರೋದು ಬೈಗುಳಕ್ಕೆ, ಅಳತೆಗೆ ಅಲ್ಲ.

ಪತ್ರದ ಗಟ್ಟಿ ಜಾಗ ಯಾವುದು ಅಂದರೆ, ಸರಿ ಬಂದ 682. ಜನ ಇದನ್ನೇ ಬಿಟ್ಟುಬಿಡುತ್ತಾರೆ, ಚೆನ್ನಾಗಿದೆ ಅಂತ ಬರೆದರೆ ದೂರು ಸಪ್ಪೆ ಆಗುತ್ತದೆ ಅಂತ ಹೆದರಿಕೆ. ಆದರೆ ಯೋಚನೆ ಮಾಡಿ. ಫೈಲ್ ತಪ್ಪಿದ್ದರೆ ಸಾವಿರಕ್ಕೆ ಸಾವಿರವೂ ತಪ್ಪಾಗಿ ಬರಬೇಕಿತ್ತು. ಅದೇ ಫೈಲ್, ಅದೇ ಕಾಗದ, ಅದೇ ಮೆಶಿನ್‌ನಲ್ಲಿ 682 ಸರಿ ಬಂದಿವೆ ಅಂದಮೇಲೆ ಉಳಿದ 318 ಕೆಟ್ಟಿದ್ದು ಅವರ ಅಂಗಳದಲ್ಲೇ. ಇದನ್ನು ನೀವು ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟರೆ ಓದುವವರಿಗೇ ಅರ್ಥವಾಗುತ್ತದೆ.

ಹಣದ ವಿಷಯದಲ್ಲೂ ಅಷ್ಟೇ. ಪೂರ್ತಿ ಬಿಲ್ ತಡೆಹಿಡಿದರೆ ದೊಡ್ಡ ಪಟ್ಟು ಹಿಡಿದ ಹಾಗೆ ಅನ್ನಿಸುತ್ತದೆ, ಆದರೆ ಆಗ ಪ್ರೆಸ್ಸಿನವರು "ದುಡ್ಡು ಕೊಡೋಕೆ ಆಗದೆ ನೆಪ ಹುಡುಕುತ್ತಿದ್ದಾರೆ" ಅನ್ನುತ್ತಾರೆ. ಸರಿ ಇರುವುದಕ್ಕೆ ಕೊಟ್ಟು, ಕೆಟ್ಟದ್ದಕ್ಕೆ ಮಾತ್ರ ಹಿಡಿದರೆ ಆ ಮಾತಿಗೆ ಜಾಗ ಇರಲ್ಲ.

ಕೋರಿಕೆ ಸ್ಪಷ್ಟವಾಗಿರಲಿ. "ಸೂಕ್ತ ಕ್ರಮ ಕೈಗೊಳ್ಳಿ" ಅಂತ ಬರೆದರೆ ಅವರಿಗೆ ಸೂಕ್ತ ಅನ್ನಿಸಿದ್ದನ್ನು ಮಾಡುತ್ತಾರೆ, ಅದು ಹೆಚ್ಚಾಗಿ ಮುಂದಿನ ಕೆಲಸದಲ್ಲಿ ಸ್ವಲ್ಪ ರಿಯಾಯಿತಿ ಕೊಡುವ ಭರವಸೆ ಆಗಿರುತ್ತದೆ. ಎಷ್ಟು ಪ್ರತಿ, ಏನು ಮಾಡಬೇಕು, ಯಾವತ್ತಿನೊಳಗೆ ಹೇಳಬೇಕು, ಮೂರೂ ಬರೆಯಿರಿ. ಪತ್ರವನ್ನು ಇಮೇಲ್‌ನಲ್ಲೇ ಕಳಿಸಿ. ವಾಟ್ಸಾಪ್‌ನಲ್ಲಿ ಬೇಕಾದರೆ "ಮೇಲ್ ಹಾಕಿದ್ದೇನೆ, ನೋಡಿ" ಅಂತ ಒಂದು ಸಾಲು. ಫೋನ್‌ನಲ್ಲಿ ಏನಾದರೂ ಒಪ್ಪಿಕೊಂಡರೆ ಅದೇ ದಿನ "ಇವತ್ತು ಮಾತಾಡಿದ ಹಾಗೆ" ಅಂತ ಇನ್ನೊಂದು ಮೇಲ್.

## ಬರುವ ಉತ್ತರಗಳು

"ಇದೆಲ್ಲ ಟಾಲರೆನ್ಸ್ ಒಳಗೇ ಬರುತ್ತೆ ಸರ್." ಇದು ಮೊದಲು ಬರುತ್ತದೆ. ಟಾಲರೆನ್ಸ್ ಅಂದರೆ ಒಪ್ಪಬಹುದಾದ ವ್ಯತ್ಯಾಸ. ವಾದ ಬೇಡ. "ನಿಮ್ಮ ಕೊಟೇಶನ್‌ನಲ್ಲಿ 2 ಇದೆ, ನಾವು 2ರ ಒಳಗಿರುವುದನ್ನೆಲ್ಲ ಸರಿ ಅಂತಲೇ ಎಣಿಸಿದ್ದೇವೆ" ಅಂದರೆ ಮುಗಿಯಿತು.

"ನೀವು ಪ್ರೂಫ್ ಒಪ್ಪಿದ್ದೀರಿ." ಹೌದು, ಒಪ್ಪಿದ್ದೇವೆ. ಆದರೆ ಒಪ್ಪಿದ್ದು ಪರದೆ ಮೇಲೆ ನೋಡಿದ ಚಪ್ಪಟೆ ಮುಖಪುಟ. ಅದರಲ್ಲಿ ಬೆನ್ನು ಎಲ್ಲಿ ಮಡಿಯುತ್ತದೆ ಅಂತ ಕಾಣೋದಿಲ್ಲ. ಬೈಂಡ್ ಆದ ಮೊದಲ ಪ್ರತಿಯನ್ನು ತರಿಸಿ ನೋಡಿ ಒಪ್ಪಿದ್ದರೆ ಇನ್ನೂ ಒಳ್ಳೆಯದು, ಆ ಪ್ರತಿಯನ್ನು ಜೋಪಾನ ಮಾಡಿ, ಅಳತೆಗೆ ಅದೇ ಮಾದರಿ.

"ಮುಖಪುಟ ಕಿತ್ತು ಬೇರೆ ಹಾಕಿಕೊಡುತ್ತೇವೆ." ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಕೇಳೋಕೆ ನ್ಯಾಯವಾಗಿಯೇ ಇದೆ. 192 ಪುಟದ ಒಳಹಾಳೆ ಮತ್ತೆ ಮುದ್ರಿಸೋದಕ್ಕಿಂತ ಮುಖಪುಟ ಮಾತ್ರ ಮುದ್ರಿಸೋದು ಅವರಿಗೆ ಎಷ್ಟೋ ಅಗ್ಗ. ಆದರೆ ಅಂಟಿದ ಮುಖಪುಟ ಕಿತ್ತಮೇಲೆ ಹಳೆಯ ಅಂಟು ಹೋಗುವ ತನಕ ಬೆನ್ನನ್ನು ಮತ್ತೆ ಹೆರೆಯಬೇಕು. ಅದರಲ್ಲಿ 2-3 ಮಿ.ಮೀ. ಹೋಗುತ್ತದೆ. ಹೊಸ ಮುಖಪುಟ ಅಂಟಿಸಿದಮೇಲೆ ಉಳಿದ ಮೂರು ಕಡೆ ಮತ್ತೆ ಕಟಿಂಗ್, ಅಲ್ಲೂ ಅಷ್ಟಷ್ಟು. ಕೊನೆಗೆ ಪುಸ್ತಕ ಅಗಲದಲ್ಲೂ ಎತ್ತರದಲ್ಲೂ ಸುಮಾರು 4-6 ಮಿ.ಮೀ. ಚಿಕ್ಕದಾಗುತ್ತದೆ. ಸರಿ ಇರುವ ಪ್ರತಿಯ ಪಕ್ಕ ನಿಲ್ಲಿಸಿದರೆ ಗಿಡ್ಡ ತಮ್ಮನ ಹಾಗೆ ಕಾಣುತ್ತದೆ. ನನ್ನ ಪುಸ್ತಕದಲ್ಲಿ ಒಳಅಂಚು 20 ಮಿ.ಮೀ. ಇತ್ತು, ಅದು 17 ಆಗಿದ್ದರೂ ಓದಬಹುದಿತ್ತು. ಪುಟಸಂಖ್ಯೆ ಮಾತ್ರ ಕೆಳ ಅಂಚಿನಿಂದ 8 ಮಿ.ಮೀ. ಮೇಲೆ ಇತ್ತು. ಅಲ್ಲಿ 3 ಹೋದರೆ 5, ಕಟಿಂಗ್ ಸ್ವಲ್ಪ ಆಚೀಚೆ ಆದರೆ ಪುಟಸಂಖ್ಯೆ ಅಂಚಿಗೇ ಅಂಟಿಕೊಳ್ಳುತ್ತಿತ್ತು. ಅದಕ್ಕೆ ಬೇಡ ಅಂದೆ. ನಿಮ್ಮ ಪುಸ್ತಕದಲ್ಲಿ ಅಂಚು ಧಾರಾಳವಾಗಿದ್ದರೆ ಒಪ್ಪಬಹುದು, ತಪ್ಪಿಲ್ಲ. ಆದರೆ ಮೊದಲು ಒಂದು ಪ್ರತಿ ಮಾಡಿ ತೋರಿಸಿ ಅನ್ನಿ, ಉಳಿದದ್ದನ್ನು ಆಮೇಲೆ ಕೊಡಿ.

"ಎಲ್ಲವನ್ನೂ ವಾಪಸ್ ಕಳಿಸಿ, ನೋಡಿ ಹೇಳುತ್ತೇವೆ." ಇದಕ್ಕೆ ಮಾತ್ರ ಒಪ್ಪಬೇಡಿ. ಕಳಿಸಿದಮೇಲೆ ನಿಮ್ಮ ಹತ್ತಿರ ಪುರಾವೆಯೂ ಇಲ್ಲ, ಪುಸ್ತಕವೂ ಇಲ್ಲ. ಹತ್ತು ಪ್ರತಿ ಕಳಿಸಿ, ಉಳಿದದ್ದಕ್ಕೆ ಬಂದು ನೋಡಲಿ. ಏನು ಪರಿಹಾರ ಅಂತ ಬರವಣಿಗೆಯಲ್ಲಿ ಒಪ್ಪಿದಮೇಲೆ ಬೇಕಾದರೆ ಪೂರ್ತಿ ಒಯ್ಯಲಿ.

ನನ್ನ ವಿಷಯದಲ್ಲಿ ಬೈಂಡಿಂಗ್ ವಿಭಾಗದವರೊಬ್ಬರು ಬಂದರು. ನಾನು ಏನೂ ಹೇಳಲಿಲ್ಲ, 22ನೇ ಬಂಡಲ್ ಮತ್ತು 23ನೇ ಬಂಡಲ್ ಪಕ್ಕಪಕ್ಕ ಪೇರಿಸಿಟ್ಟಿದ್ದೆ. ಒಂದು ಪೂರ್ತಿ ನೀಲಿ, ಒಂದು ಪಟ್ಟೆ ಪಟ್ಟೆ. ಅವರು ಒಂದು ಪುಸ್ತಕ ಎತ್ತಿ ಹೆಬ್ಬೆರಳಿನಿಂದ ಮಡಿಕೆಯನ್ನು ಸವರಿ, "ಗೇಜ್ ಸರಿದಿದೆ ಕಣ್ರೀ" ಅಂದರು. ಅಷ್ಟೇ. 214 ಹೊಸದಾಗಿ ಮಾಡಿಕೊಡುವುದಕ್ಕೆ ಒಪ್ಪಿದರು. 104ಕ್ಕೆ ಅರ್ಧ ಬಿಡಲಿಲ್ಲ, ಮೂರರಲ್ಲೊಂದು ಪಾಲು ಬಿಟ್ಟರು. ಅಲ್ಲಿಗೆ ನಾನೂ ಸುಮ್ಮನಾದೆ, ಹೇಗಿದ್ದರೂ ಆ ಪ್ರತಿಗಳು ಮಾರಾಟವಾಗುವಂಥವೇ.

## ಹೊಸ ಪ್ರತಿಗಳು ಬರುವ ಮುಂಚೆ

ಒಪ್ಪಂದದ ಮೇಲ್‌ನಲ್ಲಿ ಎರಡು ಸಾಲು ಸೇರಿಸಿ. ಒಂದು, ಹೊಸ ಮುಖಪುಟದ ಬಣ್ಣ ಹಳೆಯದಕ್ಕೆ ಹೊಂದಬೇಕು. ಅದಕ್ಕಾಗಿ ಸರಿ ಬಂದ ಒಂದು ಪ್ರತಿಯನ್ನು ಮಾದರಿಗೆ ಅಂತ ಅವರಿಗೆ ಕೊಟ್ಟು ಕಳಿಸಿ. ಕಡು ನೀಲಿ ಬೇರೆ ದಿನ ಮುದ್ರಿಸಿದಾಗ ಸ್ವಲ್ಪ ನೇರಳೆ ಕಡೆಗೋ ಕಪ್ಪು ಕಡೆಗೋ ವಾಲೋದು ಮಾಮೂಲು. ಎರಡು, ಕೆಟ್ಟ 214 ಪ್ರತಿ ಏನಾಗಬೇಕು ಅಂತ. ಅವರು ಒಯ್ದರೆ ಮುಖಪುಟ ಹರಿದು ರದ್ದಿಗೆ ಹಾಕಬೇಕು, ಇಲ್ಲದಿದ್ದರೆ ನಿಮ್ಮ ಪುಸ್ತಕವೇ ಎಲ್ಲೋ ಅರ್ಧ ಬೆಲೆಗೆ ಕಾಣಿಸಿಕೊಳ್ಳಬಹುದು. ನಾನು ಅವರು ಒಯ್ಯುವ ಮುಂಚೆ ನಾನೇ ಕೂತು ಮೊದಲ ಪುಟಕ್ಕೆ "ಮಾರಾಟಕ್ಕಲ್ಲ" ಅಂತ ಮುದ್ರೆ ಒತ್ತಿದೆ.

ಮೂರು ವಾರಕ್ಕೆ ಹೊಸ ಪ್ರತಿಗಳು ಬಂದವು. 8 ಬಂಡಲ್, ಮೇಲೆ 14 ಬಿಡಿ ಪುಸ್ತಕ. ಚಲನ್ ಮೇಲೆ ಅದೇ ಸಾಲು ಬರೆದು ಸಹಿ ಮಾಡಿ, ಅದೇ ಮೇಜಿನ ಮೇಲೆ ಅದೇ ಸ್ಕೇಲ್ ಇಟ್ಟುಕೊಂಡು ಕೂತೆ. ಜಾಸ್ತಿ ಅಂದರೆ 1 ಮಿ.ಮೀ. ಬಂತು. ಬಾಕಿ ಹಣವನ್ನು ಮಾರನೇ ದಿನ ಹಾಕಿದೆ.